ನಾವೇ ಮಾಡಿದ ಅನುವಾದ ಪ್ರೊಫೆಸರಿಗೆ ಕಳಿಸುವಾಗ ಜೊತೆಗೆ ಇಡಬೇಕಾದ ಒಂದು ಪುಟ

ಹೋದ ಜೂನ್‌ನಲ್ಲಿ ಜತ್ತ ತಾಲ್ಲೂಕಿನ ಒಬ್ಬ ಹುಡುಗಿ ಪ್ಲಾಸ್ಟಿಕ್ ಫೋಲ್ಡರ್ ಹಿಡಿದುಕೊಂಡು ನಾಗರಭಾವಿಯ ನಮ್ಮ ಮನೆಗೆ ಬಂದಳು. ಜತ್ತ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. ಅಲ್ಲಿನ ಎಷ್ಟೋ ಊರುಗಳಲ್ಲಿ ಮನೆಮಾತು ಕನ್ನಡ, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳೂ ಇವೆ. ಆದರೆ ಶಾಲೆ ಕೊಡುವ ದಾಖಲೆ ಮಾತ್ರ ಹೆಚ್ಚಾಗಿ ಮರಾಠಿಯಲ್ಲಿರುತ್ತದೆ. ಈ ಹುಡುಗಿ ಬೆಂಗಳೂರಿನಲ್ಲಿ ಎಂ.ಎ. ಮುಗಿಸಿ ಪಿಎಚ್‌.ಡಿ.ಗೆ ಗೈಡ್ ಹುಡುಕುತ್ತಿದ್ದಳು. ಒಬ್ಬ ಪ್ರೊಫೆಸರ್ ಅವಳ ವಿಷಯ ಕೇಳಿ ಇಷ್ಟಪಟ್ಟು, 'ಕನ್ನಡ ಶಾಲೆಯಲ್ಲಿ ಓದಿದ್ದಕ್ಕೆ ಏನಿದೆಯೋ ಕಳಿಸಮ್ಮ, ನೋಡೋಣ' ಅಂದಿದ್ದರು. ಅವಳ ಹತ್ತಿರ ಇದ್ದದ್ದು ಮರಾಠಿಯ 'ಶಾಳಾ ಸೋಡಲ್ಯಾಚಾ ದಾಖಲಾ', ಅಂದರೆ ಶಾಲೆ ಬಿಟ್ಟ ಪ್ರಮಾಣಪತ್ರ. ಎಲ್ಲರೂ ಅದನ್ನು ಎಲ್‌ಸಿ ಅನ್ನುತ್ತಾರೆ. ಪ್ರೊಫೆಸರಿಗೆ ಮರಾಠಿ ಬರುವುದಿಲ್ಲ. ಹಾಗಾಗಿ ಅವಳೇ ರಾತ್ರಿ ಕೂತು ಕನ್ನಡಕ್ಕೆ ಇಳಿಸಿದ್ದಳು.

'ಅಕ್ಕಾ, ಹಿಂಗ ಕಳಿಸಿದ್ರ ನಡೀತೈತಿ ಅಲಾ?' ಅಂತ ಕೇಳಿದಳು.

ನೋಡಿದ ಕೂಡಲೇ ನನಗೆ ಗಾಬರಿಯಾಯಿತು. ಅನುವಾದ ಚೆನ್ನಾಗಿಯೇ ಇತ್ತು, ಗಾಬರಿ ಅದು ಕಾಣುತ್ತಿದ್ದ ರೀತಿಗೆ. ಮೇಲೆ ಜಿಲ್ಲಾ ಪರಿಷತ್ತಿನ ಹೆಸರು ದಪ್ಪ ಅಕ್ಷರದಲ್ಲಿತ್ತು. ಸುತ್ತಲೂ ಮೂಲದಲ್ಲಿದ್ದಂಥದ್ದೇ ಚೌಕಟ್ಟು. ಕೆಳಗೆ ಒಂದು ವೃತ್ತ ಬರೆದು ಒಳಗೆ 'ಮೊಹರು' ಅಂತ ಹಾಕಿದ್ದಳು, ಪಕ್ಕದಲ್ಲಿ 'ಸಹಿ, ಮುಖ್ಯಾಧ್ಯಾಪಕರು'. ಮೇಲ್‌ನಲ್ಲಿ ಒಂದೇ ಸಾಲು: 'ಎಲ್‌ಸಿಯ ಕನ್ನಡ ಪ್ರತಿ ಲಗತ್ತಿಸಿದ್ದೇನೆ.' ಓದಿದವರು ಏನೆಂದುಕೊಳ್ಳುತ್ತಾರೆ? ಶಾಲೆಯೇ ಕನ್ನಡದಲ್ಲೂ ಒಂದು ಪ್ರತಿ ಕೊಟ್ಟಿದೆ ಅಂದುಕೊಳ್ಳುತ್ತಾರೆ. ಅವಳ ಮನಸ್ಸಿನಲ್ಲಿ ಮೋಸದ ಎಳೆಯೂ ಇರಲಿಲ್ಲ. ಕಾಗದ ಮಾತ್ರ ಬೇರೆಯೇ ಹೇಳುತ್ತಿತ್ತು.

ಹದಿನೈದು ವರ್ಷದಿಂದ ಮರಾಠಿ-ಕನ್ನಡ ಅನುವಾದ ಮಾಡುತ್ತಿದ್ದೇನೆ. ಗಡಿ ಭಾಗದಿಂದ ಬೆಂಗಳೂರಿಗೆ ಓದಲು ಬರುವ ಮಕ್ಕಳು ಜಾಸ್ತಿ ಎಡವುವುದು ಇಲ್ಲೇ. ಜೊತೆಗೆ ಒಂದು ಪುಟದ ಟಿಪ್ಪಣಿ ಇಟ್ಟರೆ ಇದು ಸರಿಹೋಗುತ್ತದೆ. ಅದನ್ನು ಹೇಗೆ ಬರೆಯಬೇಕು ಅನ್ನುವುದನ್ನು ಈ ಹುಡುಗಿಯ ಎಲ್‌ಸಿಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಮಲಯಾಳಂ, ತೆಲುಗು, ತಮಿಳು ದಾಖಲೆ ಇರುವವರಿಗೂ ದಾರಿ ಇದೇ.

ಯಾವುದು ಅಧಿಕೃತ ಅಲ್ಲ ಅನ್ನುವುದನ್ನು ಮೊದಲು ಬಿಡಿಸಿಕೊಳ್ಳಿ

ನಿಮ್ಮ ಕೈಯಲ್ಲಿ ಮೂರು ವಸ್ತು ಇವೆ. ಒಂದು, ಶಾಲೆ ಕೊಟ್ಟ ಕಾಗದ. ಅದು ಅಧಿಕೃತ, ಅದರಲ್ಲಿ ಅನುಮಾನವೇ ಇಲ್ಲ. ಎರಡು, ಅದರ ಸ್ಕ್ಯಾನ್. ಅದು ಬರೀ ಚಿತ್ರ. ಯಾರೂ ಅದನ್ನು ಮೂಲದ ಜೊತೆ ಹೋಲಿಸಿ ಸಹಿ ಹಾಕಿಲ್ಲ. ಮೂರು, ನಿಮ್ಮ ಅನುವಾದ. ಅದನ್ನು ಮಾಡಿದವರು ನೀವು, ಆ ದಾಖಲೆಯಿಂದ ಲಾಭವಾಗುವುದೂ ನಿಮಗೇ. ಕಚೇರಿಯವರು ಅದನ್ನು ಅಧಿಕೃತ ಅಂತ ಒಪ್ಪದಿರುವುದಕ್ಕೆ ಈ ಒಂದು ಕಾರಣ ಸಾಕು.

ಈ ಮೂರನ್ನೂ ಒಟ್ಟಿಗೆ ಸೇರಿಸಿ 'ಇದು ಅನಧಿಕೃತ ಪ್ರಮಾಣಪತ್ರ' ಅಂತ ಬರೆದುಬಿಡುವವರಿದ್ದಾರೆ. ದಯವಿಟ್ಟು ಹಾಗೆ ಬರೆಯಬೇಡಿ. ನಮ್ಮ ಊರಿನಲ್ಲಿ 'ಅನಧಿಕೃತ' ಅನ್ನುವ ಮಾತು ಯಾವುದಕ್ಕೆ ಅಂಟಿಕೊಂಡಿದೆ ನೋಡಿ. ಅನಧಿಕೃತ ಬಡಾವಣೆ, ಅನಧಿಕೃತ ಕಟ್ಟಡ, ಅನಧಿಕೃತ ಫ್ಲೆಕ್ಸ್. ಕಾನೂನು ಮುರಿದದ್ದು ಅನ್ನುವ ಅರ್ಥವೇ ಮೊದಲು ಹೊಳೆಯುತ್ತದೆ. ನಿಮ್ಮ ಅಸಲಿ ಎಲ್‌ಸಿಯನ್ನು ನೀವೇ ನಕಲಿ ಅಂದ ಹಾಗಾಗುತ್ತದೆ. ನಾನು ಮಕ್ಕಳಿಗೆ ಹೇಳಿಕೊಡುವುದು ಹೀಗೆ: 'ಪ್ರಮಾಣಪತ್ರ ಶಾಲೆ ಕೊಟ್ಟದ್ದು. ಅನುವಾದ ನಾನು ಮಾಡಿದ್ದು. ಈ ಅನುವಾದ ಅಧಿಕೃತವಲ್ಲ, ಓದಿ ತಿಳಿಯಲು ಮಾತ್ರ.' ಮೂರು ಚಿಕ್ಕ ವಾಕ್ಯ, ಯಾವುದು ಏನು ಅನ್ನುವುದು ಬೇರೆ ಬೇರೆಯಾಗಿ ಕಾಣುತ್ತದೆ.

'ಕನ್ನಡ ಪ್ರತಿ' ಅನ್ನುವ ಮಾತನ್ನೂ ಬಿಡಿ. ಪ್ರತಿ ಅಂದರೆ ಮೂಲದ ನಕಲು. ನೀವು ಮಾಡಿದ್ದು ಅನುವಾದ. ಹಾಗೆಯೇ 'ದೃಢೀಕೃತ' ಅನ್ನುವುದನ್ನು ಸುಮ್ನೆ ಘನತೆಗೆ ಅಂತ ಹಾಕಬೇಡಿ. ಬೇರೆ ಯಾರಾದರೂ ಹೋಲಿಸಿ, ಸಹಿ ಹಾಕಿ, ಮೊಹರು ಒತ್ತಿದಾಗ ಮಾತ್ರ ಆ ಮಾತು ಬರುತ್ತದೆ. ನೀವೇ ಸ್ಕ್ಯಾನಿನ ಮೇಲೆ ಸಹಿ ಹಾಕಿದರೆ ಅದು ಸ್ವಯಂ ದೃಢೀಕರಣ. ಅದಕ್ಕೂ ಅದರ ಜಾಗವಿದೆ, ಆದರೆ ಅದರಿಂದ ಅನುವಾದ ಅಧಿಕೃತವಾಗುವುದಿಲ್ಲ. ಸ್ಕ್ಯಾನನ್ನು ಡಿಜಿಲಾಕರ್‌ಗೆ ನೀವೇ ಹಾಕಿಟ್ಟರೂ ಅಷ್ಟೇ. ಇಲಾಖೆಯೇ ಅಲ್ಲಿಗೆ ಕಳಿಸಿದ ದಾಖಲೆಗೆ ಮೂಲದ ಬೆಲೆ ಇದೆ, ನಾವು ಹಾಕಿದ ಫೋಟೋಗೆ ಇಲ್ಲ.

ಅನುವಾದ ಪ್ರಮಾಣಪತ್ರದ ಹಾಗೆ ಕಾಣಬಾರದು

ಹುಡುಗಿಯ ಫೈಲಿನಲ್ಲಿ ಮೊದಲು ತೆಗೆಸಿದ್ದು ಚೌಕಟ್ಟು ಮತ್ತು ಆ ವೃತ್ತ. ಮೊಹರನ್ನು ಮತ್ತೆ ಬರೆಯಬಾರದು, ಲಾಂಛನ ಅಂಟಿಸಬಾರದು. ಅದರ ಬದಲು ಬಿಳಿ ಹಾಳೆಯ ಮೇಲೆ ಎರಡು ಕಾಲಂ ಮಾಡಿದೆವು. ಎಡಗಡೆ ಮರಾಠಿ ಸಾಲು ಕನ್ನಡ ಅಕ್ಷರದಲ್ಲಿ, ಬಲಗಡೆ ಅದರ ಅರ್ಥ. ಮೊಹರು ಇರುವ ಕಡೆ ಚೌಕ ಆವರಣದೊಳಗೆ [ನೀಲಿ ಶಾಯಿಯ ದುಂಡು ಮೊಹರು, ಶಾಲೆಯ ಹೆಸರು ಓದಬಹುದು, ಕೆಳಗಿನ ಅರ್ಧ ಮಾಸಿದೆ]. ಸಹಿ ಇರುವ ಕಡೆ [ಸಹಿ]. ಓದಲಾಗದ ಕಡೆ [ಓದಲಾಗದು]. ನೋಡಿದ ಯಾರಿಗೂ ಇದು ಶಾಲೆಯ ಕಾಗದ ಅನ್ನಿಸುವುದಿಲ್ಲ. ನಮಗೆ ಬೇಕಾದದ್ದೂ ಅದೇ.

ಇನ್ನು ಒಳಗಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ಟಿಪ್ಪಣಿಯಲ್ಲಿ ಏನು ಬರೆಯಬೇಕು ಅನ್ನುವುದು ಇಲ್ಲೇ ಹುಟ್ಟುವುದು.

ಅವಳ ಅನುವಾದದಲ್ಲಿ 'ಮಾಧ್ಯಮ: ಕನ್ನಡ' ಅಂತ ಒಂದು ಸಾಲಿತ್ತು. ಮೂಲವನ್ನು ಎರಡು ಸಲ ಹುಡುಕಿದೆ. ಅಂಥ ಸಾಲೇ ಇರಲಿಲ್ಲ. 'ಇದೆಲ್ಲಿಂದ ಬಂತಮ್ಮ?' ಅಂದೆ. 'ಸರ್ ಅದನ್ನ ಕೇಳ್ಯಾರಲ್ಲ ಅಕ್ಕಾ, ಶಾಲಿ ಹೆಸರಿನ್ಯಾಗ ಐತಲ್ಲ' ಅಂದಳು. ನಿಜ, ಶಾಲೆಯ ಹೆಸರು 'ಜಿಲ್ಲಾ ಪರಿಷದ್ ಪ್ರಾಥಮಿಕ ಕನ್ನಡ ಶಾಳಾ' ಅಂತ ಇತ್ತು. ಅವಳು ಹೇಳಿದ್ದು ಸತ್ಯವೇ. ಆದರೆ ಮೂಲದಲ್ಲಿ ಇಲ್ಲದ ಸಾಲು ಅನುವಾದದಲ್ಲಿ ಬಂದರೆ, ನಾಳೆ ಯಾರಾದರೂ ಎರಡನ್ನೂ ಪಕ್ಕ ಇಟ್ಟು ನೋಡಿದಾಗ ಅದನ್ನು ಸೇರಿಸಿದ್ದು ಅನ್ನುತ್ತಾರೆ. ಅದೂ ಪ್ರೊಫೆಸರ್ ಕೇಳಿದ್ದ ಆ ಒಂದೇ ವಿಷಯದಲ್ಲಿ! ಸಾಲನ್ನು ತೆಗೆದೆವು. ಅದೇ ಮಾತನ್ನು ಟಿಪ್ಪಣಿಗೆ ಹಾಕಿದೆವು: ಮಾಧ್ಯಮದ ಪ್ರತ್ಯೇಕ ನಮೂದು ಇಲ್ಲ, ಶಾಲೆಯ ಹೆಸರಿನಲ್ಲಿ ಮಾತ್ರ ಕನ್ನಡ ಎಂದಿದೆ. ನಿಮ್ಮ ವಿವರಣೆ ಏನಿದ್ದರೂ ಟಿಪ್ಪಣಿಯಲ್ಲಿ ಬರಲಿ, ಅನುವಾದದೊಳಗೆ ಬೇಡ.

ಮಾತೃಭಾಷೆಯ ಕಾಲಂನಲ್ಲಿ 'ಕಾನಡಿ' ಅಂತ ಇತ್ತು. ಮರಾಠಿಯಲ್ಲಿ ಕನ್ನಡಕ್ಕೆ ಹಾಗೆ ಅನ್ನುವುದು ಹಳೆಯ ರೂಢಿ. ಅರ್ಥದ ಕಾಲಂನಲ್ಲಿ ಕನ್ನಡ ಅಂತಲೇ ಬರೆಯಬೇಕು, ಆದರೆ ಮೂಲದಲ್ಲಿ ಕಾನಡಿ ಎಂದಿದೆ ಅನ್ನುವುದು ಎಡಗಡೆ ಕಾಣಬೇಕು. ಸುಮ್ನೆ ಅಳಿಸಿ ಸರಿ ಮಾಡಬಾರದು.

ಕೆಲವು ಮಾತು ನಮ್ಮ ಮಾತಿನ ಹಾಗೇ ಕಂಡು ದಾರಿ ತಪ್ಪಿಸುತ್ತವೆ. ಮರಾಠಿಯ 'ದಾಖಲಾ' ಅಂದರೆ ಪ್ರಮಾಣಪತ್ರ. ನಮಗೆ ದಾಖಲಾತಿ ಅಂದರೆ ಶಾಲೆಗೆ ಸೇರುವುದು. ಇವಳು ಒಂದು ಕಡೆ 'ದಾಖಲಾ ನಂಬರ್' ಅನ್ನುವುದನ್ನು 'ದಾಖಲಾತಿ ಸಂಖ್ಯೆ' ಅಂತ ಮಾಡಿದ್ದಳು. ಪ್ರಮಾಣಪತ್ರದ ನಂಬರು ಹೋಗಿ ಪ್ರವೇಶದ ನಂಬರು ಆಗಿಬಿಟ್ಟಿತ್ತು. 'ಶೇರಾ' ಮಾತ್ರ ಸುಲಭ. ಅದು ನಮ್ಮ ಕಚೇರಿಗಳಲ್ಲಿ ಇವತ್ತಿಗೂ ಬಳಸುವ 'ಷರಾ'.

ಜಾಸ್ತಿ ಎಚ್ಚರ ಬೇಕಾಗಿರುವುದು ಹುಟ್ಟಿದ ದಿನದಲ್ಲಿ. ಎಲ್‌ಸಿಯಲ್ಲಿ ದಿನಾಂಕ ಎರಡು ಸಲ ಇರುತ್ತದೆ, ಅಂಕಿಯಲ್ಲಿ ಒಮ್ಮೆ, ಅಕ್ಷರದಲ್ಲಿ ಒಮ್ಮೆ. ಅಂಕಿ ದೇವನಾಗರಿಯಲ್ಲಿ. ದೇವನಾಗರಿಯ ಒಂದು, ಕೈಬರಹದಲ್ಲಿ ನಮ್ಮ ಕಣ್ಣಿಗೆ 9ರ ಹಾಗೇ ಕಾಣುತ್ತದೆ. ಸ್ಕ್ಯಾನ್ ಮಸುಕಾದರಂತೂ ಮುಗಿಯಿತು. ಇವಳ ಕಾಗದದಲ್ಲಿ ದಿನದ ಎರಡನೇ ಅಂಕಿಯ ಮೇಲೆ ಮಡಿಕೆಯ ಗೆರೆ ಬಿದ್ದಿತ್ತು. ಅಕ್ಷರದಲ್ಲಿ 'ಏಕೋಣತೀಸ' ಅಂತ ಇತ್ತು. ಇವಳು 31 ಅಂತ ಬರೆದಿದ್ದಳು. ಏಕೋಣತೀಸ ಅಂದರೆ ಮೂವತ್ತಕ್ಕೆ ಒಂದು ಕಮ್ಮಿ, 29. ಮೂವತ್ತೊಂದಕ್ಕೆ ಮರಾಠಿಯಲ್ಲಿ ಏಕತೀಸ ಅನ್ನುತ್ತಾರೆ. ನಡುವಿನ ಒಂದು 'ಓಣ'ದಲ್ಲಿ ಎರಡು ದಿನ ಆಚೀಚೆ ಆಗಿತ್ತು. ತನ್ನ ಹುಟ್ಟುಹಬ್ಬ ತನಗೆ ಗೊತ್ತಿಲ್ಲವೇ ಅನ್ನಬೇಡಿ. ಅವರ ಮನೆಯಲ್ಲಿ ಬೇರೆಯೇ ದಿನ ಆಚರಿಸುತ್ತಿದ್ದರು, ಶಾಲೆಯಲ್ಲಿ ಮಾಸ್ತರರು ಬರೆದದ್ದೇ ದಾಖಲೆಗೆ ಬಂದಿತ್ತು. ನಮ್ಮಲ್ಲೂ ಎಷ್ಟೋ ಜನರದ್ದು ಹಾಗೇ ಅಲ್ವಾ. ಅದಕ್ಕೇ ಅಂಕಿ ಮತ್ತು ಅಕ್ಷರ ಎರಡನ್ನೂ ಬೇರೆ ಬೇರೆ ಓದಿ ತಾಳೆ ನೋಡಬೇಕು. ತಾಳೆಯಾಗದಿದ್ದರೆ ಎರಡನ್ನೂ ಇದ್ದ ಹಾಗೇ ಬರೆದು ಟಿಪ್ಪಣಿಯಲ್ಲಿ ಹೇಳಬೇಕು.

ಹೆಸರು ಕೊನೆಯದು. ಮಹಾರಾಷ್ಟ್ರದ ಎಷ್ಟೋ ದಾಖಲೆಗಳಲ್ಲಿ, ಇವಳ ಎಲ್‌ಸಿಯಲ್ಲೂ, ಅಡ್ಡಹೆಸರು ಮೊದಲು, ಆಮೇಲೆ ಸ್ವಂತ ಹೆಸರು, ಆಮೇಲೆ ತಂದೆಯ ಹೆಸರು. ಬೆಂಗಳೂರಿನ ಅಂಕಪಟ್ಟಿಯಲ್ಲಿ ಅವಳ ಸ್ವಂತ ಹೆಸರು, ತಂದೆಯ ಹೆಸರಿನ ಒಂದು ಅಕ್ಷರ, ಕೊನೆಗೆ ಅಡ್ಡಹೆಸರು ಇತ್ತು. ಅನುವಾದದಲ್ಲಿ ಮೂಲದ ಕ್ರಮವನ್ನೇ ಇಡಿ. ಇಬ್ಬರೂ ಒಬ್ಬರೇ ಅನ್ನುವುದನ್ನು ಟಿಪ್ಪಣಿ ಹೇಳಲಿ.

ಸ್ಕ್ಯಾನ್

ಬಣ್ಣದಲ್ಲಿ ಮಾಡಿಸಿ, 300 ಡಿಪಿಐ ಸಾಕು. ಮೊಬೈಲ್ ಆ್ಯಪ್‌ಗಳಲ್ಲಿ ಕಪ್ಪು-ಬಿಳುಪು ಫಿಲ್ಟರ್ ಹಾಕಿದರೆ ಅಕ್ಷರ ಚೆನ್ನಾಗಿ ಕಾಣುತ್ತದೆ, ಆದರೆ ಮಾಸಿದ ನೀಲಿ ಮೊಹರು ಮಾಯವಾಗಿಬಿಡುತ್ತದೆ. ನಾಲ್ಕೂ ಮೂಲೆ ಕಾಣಬೇಕು. ಹಿಂಬದಿಯಲ್ಲಿ ಒಂದು ಗೆರೆ ಬರಹವಿದ್ದರೂ ಹಿಂಬದಿ ಬೇಕು.

ಮಹಾರಾಷ್ಟ್ರದ ಈಚಿನ ಎಲ್‌ಸಿಗಳಲ್ಲಿ ಆಧಾರ್ ನಂಬರಿಗೂ ಒಂದು ಕಾಲಂ ಇದೆ. ಪ್ರೊಫೆಸರಿಗೆ ಅದು ಬೇಡ. ಸ್ಕ್ಯಾನ್ ಮಾಡುವ ಮೊದಲೇ ಮೊದಲ 8 ಅಂಕಿಯ ಮೇಲೆ ಬಿಳಿ ಕಾಗದದ ಪಟ್ಟಿ ಇಟ್ಟುಬಿಡಿ. ಪಿಡಿಎಫ್ ಆದಮೇಲೆ ಮೇಲೆ ಕಪ್ಪು ಪೆಟ್ಟಿಗೆ ಎಳೆದರೆ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಅದನ್ನು ಸರಿಸಿ ಒಳಗಿನದನ್ನು ನೋಡಬಹುದು. ಮುಚ್ಚಿದ್ದೇನೆ ಅನ್ನುವುದನ್ನು ಟಿಪ್ಪಣಿಯಲ್ಲಿ ಹೇಳಲೇಬೇಕು. ಹೇಳದಿದ್ದರೆ ತಿದ್ದಿದ ಹಾಗೆ ಕಾಣುತ್ತದೆ.

ಟಿಪ್ಪಣಿಯನ್ನು ಮೇಲ್‌ನಲ್ಲಿ ಬಿಡಬೇಡಿ, ಫೈಲಿನ ಒಳಗೆ ಇಡಿ

ಇದು ನಾನು ಪೆಟ್ಟು ತಿಂದು ಕಲಿತದ್ದು. ಮೊದಮೊದಲು ನಾನು ಮಕ್ಕಳಿಗೆ ಮೇಲ್‌ನಲ್ಲೇ ಎಲ್ಲ ವಿವರಿಸಿ ಬರೆಯಲು ಹೇಳುತ್ತಿದ್ದೆ. ಒಬ್ಬ ಹುಡುಗನ ವಿಷಯದಲ್ಲಿ ಪ್ರೊಫೆಸರ್ ಆ ಮೇಲ್ ಓದಿದರು, ಅರ್ಥಮಾಡಿಕೊಂಡರು, ಅಟ್ಯಾಚ್‌ಮೆಂಟನ್ನು ಮಾತ್ರ ಡೌನ್‌ಲೋಡ್ ಮಾಡಿ ಕಚೇರಿಗೆ ಕಳಿಸಿದರು. ಕಚೇರಿಯಲ್ಲಿ ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿದರು. ಮೇಲ್‌ನ ಮಾತು ಮೇಲ್‌ನಲ್ಲೇ ಉಳಿಯಿತು. ನಾಲ್ಕು ತಿಂಗಳಾದಮೇಲೆ ಮೂಲ ದಾಖಲೆ ಪರಿಶೀಲನೆಗೆ ಕರೆದಾಗ, 'ಈ ಕನ್ನಡ ದಾಖಲೆಯ ಒರಿಜಿನಲ್ ಎಲ್ಲಿ' ಅಂತ ಕೇಳಿದರು. ಅಂಥದ್ದೊಂದು ಇರಲೇ ಇಲ್ಲವಲ್ಲ! ಆ ಹುಡುಗ ಅವತ್ತು ಸಂಜೆ ಫೋನಿನಲ್ಲಿ ಅತ್ತದ್ದು ನನಗೆ ಇನ್ನೂ ನೆನಪಿದೆ. ಹಳೆಯ ಮೇಲ್ ಹುಡುಕಿ ತೋರಿಸಿ ಕೊನೆಗೆ ಸರಿಹೋಯಿತು. ಆದರೆ ಎರಡು ವಾರ ಅವನ ಫೈಲು ಮೇಜಿನ ಮೇಲೇ ಕೂತಿತ್ತು.

ಅವತ್ತಿನಿಂದ ಕ್ರಮ ಬದಲಿಸಿದ್ದೇನೆ. ಒಂದೇ ಪಿಡಿಎಫ್. ಮೊದಲ ಪುಟ ಟಿಪ್ಪಣಿ, ಆಮೇಲೆ ಮೂಲದ ಸ್ಕ್ಯಾನ್, ಕೊನೆಗೆ ಅನುವಾದ. ಅನುವಾದದ ಪ್ರತಿ ಪುಟದ ಕೆಳಗೆ ಒಂದು ಸಾಲು: 'ವಿದ್ಯಾರ್ಥಿನಿಯೇ ಮಾಡಿದ ಅನುವಾದ. ಅಧಿಕೃತವಲ್ಲ. ಮೂಲದೊಂದಿಗೆ ಇಟ್ಟು ಓದುವುದು.' ಪುಟಗಳು ಬೇರೆಯಾದರೂ ಆ ಸಾಲು ಹಾಳೆಯ ಮೇಲೇ ಇರುತ್ತದೆ. ಫೈಲಿನ ಹೆಸರೂ ಅದನ್ನೇ ಹೇಳಲಿ. ಇವಳ ಫೈಲಿಗೆ ಇಟ್ಟ ಹೆಸರು ಇದು:

```
LC_marathi_scan_mattu_anuvada_adhikrutavalla.pdf
```

ಮೊದಲು ಅದರ ಹೆಸರು `LC_kannada.pdf` ಅಂತ ಇತ್ತು.

ಟಿಪ್ಪಣಿ ಬರೆಯುವುದು

ಒಂದು ಪುಟ ದಾಟಬಾರದು. ಮೊದಲ ಎರಡು ಸಾಲಿನಲ್ಲೇ ಅಧಿಕೃತವಲ್ಲ ಅನ್ನುವುದು ಬಂದುಬಿಡಬೇಕು. ನಮ್ಮ ಮಕ್ಕಳು ಮೊದಲು ಕುಶಲ ಕೇಳಿ, ಪ್ರೊಫೆಸರ ಲೇಖನ ಹೊಗಳಿ, ಕೊನೆಯ ಸಾಲಿನಲ್ಲಿ 'ಅನುವಾದದಲ್ಲಿ ತಪ್ಪಿದ್ದರೆ ಕ್ಷಮಿಸಿ' ಅನ್ನುತ್ತಾರೆ. ಓದುವವರಿಗೆ ಅದು ಬರೀ ವಿನಯದ ಮಾತಾಗಿ ಕೇಳಿಸುತ್ತದೆ. ಇದನ್ನು ಮಾಡಿದ್ದು ಯಾರು ಅನ್ನುವುದು ಅದರಿಂದ ತಿಳಿಯುವುದೇ ಇಲ್ಲ. ಇಲ್ಲಿ ಕ್ಷಮೆ ಕೇಳುವಂಥದ್ದು ಏನೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಆಯಿತು.

ಇವಳು ಕೊನೆಗೆ ಕಳಿಸಿದ ಟಿಪ್ಪಣಿ ಹೀಗಿತ್ತು. ಹೆಸರು, ನಂಬರುಗಳನ್ನು ಬಿಟ್ಟಿದ್ದೇನೆ.

> ಇವರಿಗೆ,
> (ಪ್ರಾಧ್ಯಾಪಕರ ಹೆಸರು, ವಿಭಾಗ)
>
> ವಿಷಯ: ಮರಾಠಿ ಎಲ್‌ಸಿಯ ಸ್ಕ್ಯಾನ್ ಮತ್ತು ನಾನೇ ಮಾಡಿದ ಕನ್ನಡ ಅನುವಾದ. ಅನುವಾದ ಅಧಿಕೃತವಲ್ಲ.
>
> ಮಾನ್ಯರೇ,
>
> ತಾವು ಕೇಳಿದಂತೆ ನನ್ನ ಶಾಲೆಯ ಎಲ್‌ಸಿಯ ಸ್ಕ್ಯಾನ್ ಕಳಿಸುತ್ತಿದ್ದೇನೆ. ಅದು ಮರಾಠಿಯಲ್ಲಿದೆ. ತಮಗೆ ಓದಲು ಅನುಕೂಲವಾಗಲಿ ಎಂದು ಜೊತೆಗಿನ ಕನ್ನಡ ಅನುವಾದವನ್ನು ನಾನೇ ಮಾಡಿದ್ದೇನೆ. ಅದನ್ನು ಶಾಲೆಯಾಗಲಿ, ನೋಟರಿಯಾಗಲಿ ನೋಡಿಲ್ಲ. ಸ್ಕ್ಯಾನ್ ಕೂಡ ದೃಢೀಕೃತ ಪ್ರತಿಯಲ್ಲ. ಮೂಲ ಎಲ್‌ಸಿ ನನ್ನ ಹತ್ತಿರ ಇದೆ. ತಾವು ಹೇಳಿದ ದಿನ ತಂದು ತೋರಿಸುತ್ತೇನೆ.
>
> ಓದುವಾಗ ಈ ನಾಲ್ಕು ವಿಷಯ ಗಮನಿಸಬೇಕಾಗಿ ವಿನಂತಿ. ಎಲ್‌ಸಿಯಲ್ಲಿ ಶಿಕ್ಷಣ ಮಾಧ್ಯಮದ ಪ್ರತ್ಯೇಕ ನಮೂದು ಇಲ್ಲ, ಶಾಲೆಯ ಹೆಸರಿನಲ್ಲಿ ಮಾತ್ರ ಕನ್ನಡ ಶಾಲೆ ಎಂದಿದೆ. ಹುಟ್ಟಿದ ದಿನದ ಅಂಕಿಯ ಮೇಲೆ ಮಡಿಕೆ ಬಿದ್ದಿರುವುದರಿಂದ ಅಕ್ಷರದಲ್ಲಿ ಬರೆದದ್ದನ್ನು ನೋಡಿ 29 ಎಂದು ಓದಿದ್ದೇನೆ. ಎಲ್‌ಸಿಯಲ್ಲಿ ನನ್ನ ಅಡ್ಡಹೆಸರು ಮೊದಲು ಇದೆ, ಎಂ.ಎ. ಅಂಕಪಟ್ಟಿಯಲ್ಲಿ ಕೊನೆಗೆ ಇದೆ, ಎರಡೂ ನನ್ನವೇ. ಆಧಾರ್ ನಂಬರಿನ ಮೊದಲ 8 ಅಂಕಿಯನ್ನು ನಾನೇ ಮುಚ್ಚಿದ್ದೇನೆ.
>
> ಎಲ್‌ಸಿಯ ನಂಬರು ___, ಶಾಲೆಯ ಜನರಲ್ ರಿಜಿಸ್ಟರ್ ನಂಬರು ___, ಕೊಟ್ಟ ದಿನಾಂಕ ___. ಬೇಕಿದ್ದರೆ ಈ ನಂಬರುಗಳನ್ನು ಹೇಳಿ ಶಾಲೆಯಲ್ಲಿ ವಿಚಾರಿಸಬಹುದು.
>
> ಈ ಅನುವಾದ ತಾವು ಓದಿ ತಿಳಿಯುವುದಕ್ಕೆ ಮಾತ್ರ. ಕಚೇರಿಯ ಫೈಲಿಗೆ ಬೇಕಾದರೆ ತಿಳಿಸಿ. ಬೇರೆಯವರಿಂದ ಅನುವಾದ ಮಾಡಿಸಿ ನೋಟರಿ ಮಾಡಿಸಿಕೊಡುತ್ತೇನೆ. ಅದಕ್ಕೆ ನನಗೆ ಹತ್ತು ದಿನ ಬೇಕಾಗುತ್ತದೆ.
>
> ಇಂತಿ ತಮ್ಮ ವಿದ್ಯಾರ್ಥಿನಿ,
> (ಹೆಸರು, ಸಹಿ, ದಿನಾಂಕ, ಫೋನ್)

ರಿಜಿಸ್ಟರ್ ನಂಬರಿನ ಬಗ್ಗೆ ಒಂದು ಮಾತು. ಎಲ್‌ಸಿಯ ಕೆಳಭಾಗದಲ್ಲಿ ಮೇಲಿನ ಮಾಹಿತಿ ಶಾಲೆಯ ಜನರಲ್ ರಿಜಿಸ್ಟರ್ ನಂಬರ್ 1ರ ಪ್ರಕಾರ ಇದೆ ಅಂತ ಒಂದು ಸಾಲು ಇರುತ್ತದೆ. ಆ ರಿಜಿಸ್ಟರೇ ನಿಜವಾದ ಮೂಲ. ಮಕ್ಕಳು ಶಾಲೆಗೆ ಸೇರಿದಾಗ ಬರೆದದ್ದು ಅದರಲ್ಲೇ ಇದೆ, ಎಲ್‌ಸಿ ಅದರಿಂದ ಎತ್ತಿ ಬರೆದದ್ದು. ಅದರಲ್ಲಿ ನಿಮ್ಮ ಸಾಲಿನ ನಂಬರು ಗೊತ್ತಿದ್ದರೆ ಶಾಲೆಯವರು ಹುಡುಕುವುದು ಸುಲಭ. ಅನುಮಾನ ಬಂದರೆ ಕೇಳಿ ನೋಡಿ ಅಂತ ನೀವೇ ದಾರಿ ತೋರಿಸಿದಾಗ ಓದುವವರಿಗೆ ಧೈರ್ಯ ಬರುತ್ತದೆ.

'ಹತ್ತು ದಿನ' ಅಂತ ಬರೆದದ್ದೂ ಲೆಕ್ಕ ಹಾಕಿಯೇ. ಅವಳು ಮೊದಲು 'ಕೂಡಲೇ' ಅಂತ ಬರೆದಿದ್ದಳು. ಮೂಲ ಎಲ್‌ಸಿ ಊರಿನಲ್ಲಿ ಅಪ್ಪನ ಟ್ರಂಕಿನಲ್ಲಿ ಇದ್ದಿದ್ದರೆ ಅದನ್ನು ತರಿಸುವುದಕ್ಕೇ ಒಂದು ವಾರ ಬೇಕು. ಪುಣ್ಯಕ್ಕೆ ಅದು ಹಾಸ್ಟೆಲ್‌ನಲ್ಲೇ ಇತ್ತು. ನಿಮ್ಮದು ಊರಿನಲ್ಲಿದ್ದರೆ 'ನನ್ನ ಹತ್ತಿರ ಇದೆ' ಅಂತ ಬರೆಯಬೇಡಿ, 'ಊರಿನಲ್ಲಿದೆ, ತರಿಸಲು ಇಷ್ಟು ದಿನ ಬೇಕು' ಅಂತ ಬರೆಯಿರಿ.

ಅಧಿಕೃತ ಅನುವಾದ ಕೇಳಿದರೆ

ಮೊದಲು ಶಾಲೆಗೇ ಒಂದು ಫೋನ್ ಮಾಡಿ. ಮುಖ್ಯಾಧ್ಯಾಪಕರು ಲೆಟರ್‌ಹೆಡ್ ಮೇಲೆ ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ 'ಇವರು ಇಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ್ದಾರೆ' ಅಂತ ಒಂದು ವ್ಯಾಸಂಗ ಪತ್ರ ಕೊಟ್ಟರೆ ಅನುವಾದದ ಗೊಡವೆಯೇ ಇಲ್ಲ. ಇವಳ ವಿಷಯದಲ್ಲಂತೂ ಪ್ರೊಫೆಸರ್ ಕೇಳಿದ್ದು ಮಾಧ್ಯಮ, ಎಲ್‌ಸಿಯಲ್ಲಿ ಇಲ್ಲದಿದ್ದದ್ದೂ ಅದೇ. ಹಾಗಾಗಿ ನಾನು ಅನುವಾದಕ್ಕಿಂತ ಮೊದಲು ಈ ಪತ್ರಕ್ಕೆ ಹೇಳಿಸಿದೆ.

ಅನುವಾದವೇ ಬೇಕು ಅಂದರೆ ಬೇರೆಯವರಿಂದ ಮಾಡಿಸಿ ನೋಟರಿ ಹತ್ತಿರ ಹೋಗಬೇಕು. 1952ರ ನೋಟರಿ ಕಾಯಿದೆಯ 8ನೇ ಕಲಂನಲ್ಲಿ ನೋಟರಿ ಮಾಡಬಹುದಾದ ಕೆಲಸಗಳ ಪಟ್ಟಿ ಇದೆ. ದಾಖಲೆಯನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಅನುವಾದಿಸುವುದು, ಅನುವಾದ ಸರಿಯಿದೆಯೇ ಅಂತ ಪರಿಶೀಲಿಸುವುದು ಎರಡೂ ಆ ಪಟ್ಟಿಯಲ್ಲಿವೆ. ಆದರೆ ಬೆಂಗಳೂರಿನಲ್ಲಿ ಮೇಯೋ ಹಾಲ್ ಕೋರ್ಟಿನ ಸುತ್ತಮುತ್ತ ಕೂರುವ ನೋಟರಿಗೆ ಮರಾಠಿ ಬರಬೇಕಲ್ಲ. ಬರದಿದ್ದರೆ ಅವರು ಅನುವಾದವನ್ನು ಹೇಗೆ ಪರಿಶೀಲಿಸುತ್ತಾರೆ? ಅಂಥಲ್ಲಿ ಅನುವಾದಕರು 'ನನಗೆ ಎರಡೂ ಭಾಷೆ ಬರುತ್ತದೆ, ಇದು ಸರಿಯಾದ ಅನುವಾದ' ಅಂತ ಅಫಿಡವಿಟ್ ಕೊಡುತ್ತಾರೆ, ನೋಟರಿ ಆ ಪ್ರಮಾಣಕ್ಕೂ ಸಹಿಗೂ ಮೊಹರು ಹಾಕುತ್ತಾರೆ. ಎರಡೂ ಕೆಂಪು ಮೊಹರಿನ ಕಾಗದಗಳೇ, ಆದರೆ ಒಂದರಲ್ಲಿ ನೋಟರಿ ಅನುವಾದಕ್ಕೇ ಸಾಕ್ಷಿ, ಇನ್ನೊಂದರಲ್ಲಿ ಅನುವಾದಕರ ಮಾತಿಗೆ ಸಾಕ್ಷಿ. ನಿಮ್ಮ ಕಚೇರಿಗೆ ಯಾವುದು ಬೇಕು ಅಂತ ಮೊದಲೇ ಕೇಳಿಕೊಳ್ಳಿ. ಇನ್ನು ಗೆಜೆಟೆಡ್ ಅಧಿಕಾರಿ 'ಟ್ರೂ ಕಾಪಿ' ಅಂತ ಸಹಿ ಹಾಕುವುದು ಜೆರಾಕ್ಸ್ ಮೂಲದಂತಿದೆ ಅನ್ನುವುದಕ್ಕೆ ಮಾತ್ರ. ಅನುವಾದಕ್ಕೂ ಅದಕ್ಕೂ ಸಂಬಂಧವಿಲ್ಲ.

ಪ್ರೊಫೆಸರ್ 'ಇಷ್ಟು ಸಾಕಮ್ಮ' ಅಂದರೆ ಅದು ಅವರ ಮಟ್ಟಿಗೆ ಸಾಕು ಅಂತ. ಪ್ರವೇಶದ ದಿನ ಕಚೇರಿಯವರು ಬೇರೆ ಕೇಳಬಹುದು. ಅವರ ಮಾತನ್ನು ಹಿಡಿದುಕೊಂಡು ಕಚೇರಿಯಲ್ಲಿ ವಾದ ಮಾಡಿ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ.

ಅಧಿಕೃತ ಅನುವಾದ ಬಂದ ದಿನ

ಅದನ್ನು ನಿಮ್ಮ ಅನುವಾದದ ಪಕ್ಕ ಇಟ್ಟು ಸಾಲು ಸಾಲು ಓದಿ. ಏನಾದರೂ ಬೇರೆ ಇದ್ದರೆ ನೀವೇ ಹೇಳಬೇಕು, ಪ್ರೊಫೆಸರೋ ಕಚೇರಿಯವರೋ ಕಂಡುಹಿಡಿಯುವವರೆಗೆ ಕಾಯಬಾರದು. ಇವಳದ್ದು ಎರಡು ಕಡೆ ಬೇರೆ ಬಂತು. 'ವರ್ತಣೂಕ ಚಾಂಗಲೀ' ಅನ್ನುವುದನ್ನು ಇವಳು 'ನಡತೆ ಉತ್ತಮ' ಅಂತ ಮಾಡಿದ್ದಳು, ಅನುವಾದಕರು 'ನಡತೆ ಒಳ್ಳೆಯದು' ಅಂತ ಮಾಡಿದ್ದರು. ಅದರಿಂದ ಏನೂ ಆಗುವುದಿಲ್ಲ. ಎರಡನೆಯದು ಶಾಲೆ ಬಿಟ್ಟ ತಾರೀಖು. ಹುಟ್ಟಿದ ದಿನದ ಮೇಲೇ ಕಣ್ಣಿಟ್ಟಿದ್ದ ನಾನೂ ಅದನ್ನು ನೋಡಿರಲಿಲ್ಲ. ಅದು ಅಂಕಿಯಲ್ಲಿ ಮಾತ್ರ ಇತ್ತು, ಅಕ್ಷರದಲ್ಲಿ ಇರಲಿಲ್ಲ. ಇವಳು 9 ಅಂತ ಓದಿದ್ದು ದೇವನಾಗರಿಯ 1 ಆಗಿತ್ತು.

ಅವತ್ತೇ ಸಂಜೆ ನಾಲ್ಕು ಸಾಲಿನ ಇನ್ನೊಂದು ಟಿಪ್ಪಣಿ ಬರೆಸಿದೆ: 'ಮಾನ್ಯರೇ, ನೋಟರಿ ಮಾಡಿಸಿದ ಅನುವಾದ ಲಗತ್ತಿಸಿದ್ದೇನೆ. ನಾನು ಮೊದಲು ಕಳಿಸಿದ ಅನುವಾದದಲ್ಲಿ ಶಾಲೆ ಬಿಟ್ಟ ದಿನವನ್ನು 9 ಎಂದು ಬರೆದಿದ್ದೆ, 1 ಎಂಬುದು ಸರಿ. ನಡತೆಯ ಸಾಲಿನಲ್ಲಿ ಮಾತಿನ ವ್ಯತ್ಯಾಸ ಮಾತ್ರ ಇದೆ. ದಯವಿಟ್ಟು ಹಳೆಯ ಅನುವಾದವನ್ನು ತೆಗೆದುಹಾಕಿ ಇದನ್ನು ಇಟ್ಟುಕೊಳ್ಳಬೇಕಾಗಿ ವಿನಂತಿ.' ಈ ಟಿಪ್ಪಣಿಯೂ ಪಿಡಿಎಫ್‌ನ ಮೊದಲ ಪುಟವಾಗಿಯೇ ಹೋಯಿತು. ಮರುದಿನ ಪ್ರೊಫೆಸರ್ ಮೂಲ ಎಲ್‌ಸಿ ತೆಗೆದುಕೊಂಡು ಬರಲು ಹೇಳಿದರು. ಮಡಿಕೆ ಬಿದ್ದ ಜಾಗ ಹರಿಯದಿರಲಿ ಅಂತ ಅವಳು ಅದನ್ನು ಎರಡು ರಟ್ಟಿನ ನಡುವೆ ಇಟ್ಟುಕೊಂಡು ಹೋದಳು.